ಸದ್ದು ಉಸಿರು ಎಳೆದಾಗಲೋ, ಬಿಟ್ಟಾಗಲೋ?

ಪ್ರಶ್ನೆ: ನಮ್ಮ ದೊಡ್ಡ ಮಗನಿಗೆ ಆಸ್ತಮಾ ಇದೆ, ಮನೆಯಲ್ಲೇ ನೆಬ್ಯುಲೈಸರ್ ಇಟ್ಟುಕೊಂಡಿದ್ದೇವೆ. ಮೊನ್ನೆ ರಾತ್ರಿ ಎರಡು ವರ್ಷದ ಮಗಳು ನಿದ್ದೆಯಿಂದ ಎದ್ದವಳೇ ನಾಯಿ ಬೊಗಳಿದ ಹಾಗೆ ಕೆಮ್ಮಿದಳು. ಆಮೇಲೆ ಕರ್‌ರ್ ಅಂತ ಸದ್ದು ಮಾಡುತ್ತಾ ಉಸಿರಾಡತೊಡಗಿದಳು. ಅವಳಣ್ಣನ ಸಾಲ್ಬ್ಯುಟಮಾಲ್ ಹಾಕಿ ನೆಬ್ಯುಲೈಸ್ ಮಾಡಿದರೂ ಏನೂ ಕಡಿಮೆ ಆಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ "ಇದು ವೀಜಿಂಗ್ ಅಲ್ಲ, ಸ್ಟ್ರೈಡರ್" ಅಂದು ಬೇರೆ ಔಷಧಿ ಕೊಟ್ಟರು. ಮಗು ಸುಧಾರಿಸಿದ ಮೇಲೂ ಮೂರು ಗಂಟೆ ಮನೆಗೆ ಬಿಡಲಿಲ್ಲ. ಎರಡರಲ್ಲೂ ಉಸಿರಿನ ದಾರಿ ಕಿರಿದಾಗೋದೇ ಅಲ್ವಾ? ಮತ್ತೆ ಸದ್ದು ಬೇರೆ, ಔಷಧಿ ಬೇರೆ ಯಾಕೆ?

ಉತ್ತರ: ಕಿರಿದಾಗೋದು ನಿಜ. ಆದರೆ ಒಂದು ಕಡೆ ಕಿರಿದಾದದ್ದು ಕುತ್ತಿಗೆಯಲ್ಲಿ, ಇನ್ನೊಂದು ಕಡೆ ಎದೆಗೂಡಿನ ಒಳಗೆ. ಉಸಿರು ಎಳೆಯುವಾಗ ಈ ಎರಡು ಜಾಗಗಳಲ್ಲಿ ಆಗುವುದು ಒಂದಕ್ಕೊಂದು ಪೂರ್ತಿ ಉಲ್ಟಾ.

ಮೊದಲು ಕುತ್ತಿಗೆ. ಎಳನೀರಿಗೆ ಹಾಕಿಕೊಡುವ ಕಾಗದದ ಸ್ಟ್ರಾ ಸ್ವಲ್ಪ ಹೊತ್ತಿಗೆ ನೆನೆದು ಮೆತ್ತಗಾಗುತ್ತದೆ. ಆಗ ಜೋರಾಗಿ ಹೀರಿದರೆ ಅದು ಒಳಕ್ಕೆ ಕುಸಿದು ಅಂಟಿಕೊಳ್ಳುತ್ತದೆ. ಅದೇ ಸ್ಟ್ರಾ ಊದಿದರೆ ಅಗಲವಾಗುತ್ತದೆ. ಹೀರುವಾಗ ಸ್ಟ್ರಾ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗುತ್ತದೆ, ಹಾಗಾಗಿ ಹೊರಗಿನ ಗಾಳಿ ಅದನ್ನು ಅಮುಕುತ್ತದೆ. ಗಂಟಲು, ಧ್ವನಿಪೆಟ್ಟಿಗೆ, ಕುತ್ತಿಗೆಯಲ್ಲಿರುವ ಶ್ವಾಸನಾಳದ ಭಾಗ ಇವೆಲ್ಲ ಈ ಸ್ಟ್ರಾ ಇದ್ದ ಹಾಗೆ. ಆರೋಗ್ಯವಾಗಿದ್ದಾಗ ಈ ಎಳೆತ ನಮಗೆ ಗೊತ್ತೂ ಆಗಲ್ಲ. ಅಲ್ಲಿ ಊತ ಬಂದರೆ ಮಾತ್ರ ಪ್ರತಿ ಸಲ ಉಸಿರು ಎಳೆದಾಗಲೂ ಕಿರಿದಾದ ದಾರಿ ಇನ್ನಷ್ಟು ಕುಸಿಯುತ್ತದೆ. ಆ ಸಣ್ಣ ಸಂದಿಯಲ್ಲಿ ಗಾಳಿ ರಭಸದಿಂದ ನುಗ್ಗಿ ಗೋಡೆಗಳು ಅದುರುತ್ತವೆ. ಆ ಕರ್ಕಶ ಸದ್ದೇ ಸ್ಟ್ರೈಡರ್. ಉಸಿರು ಬಿಡುವಾಗ ಒಳಗಿನ ಗಾಳಿಯೇ ದಾರಿಯನ್ನು ತಳ್ಳಿ ಅಗಲ ಮಾಡುತ್ತದೆ, ಸದ್ದು ಕಡಿಮೆ ಆಗುತ್ತದೆ ಅಥವಾ ನಿಂತೇ ಹೋಗುತ್ತದೆ.

ಈಗ ಎದೆಯ ಒಳಗೆ ಬನ್ನಿ. ಅಲ್ಲಿನ ಕೊಳವೆಗಳ ಸುತ್ತ ಇರುವುದು ಹೊರಗಿನ ಗಾಳಿ ಅಲ್ಲ, ಸ್ಪಂಜಿನಂಥ ಶ್ವಾಸಕೋಶ. ಒಂದು ಸ್ಪಂಜಿನ ಒಳಗೆ ಮೆತ್ತನೆಯ ನಳಿಕೆ ತೂರಿಸಿ, ಎಲ್ಲ ಕಡೆ ಅಂಟಿಸಿದ್ದೀರಿ ಅಂದುಕೊಳ್ಳಿ. ಸ್ಪಂಜನ್ನು ನಾಲ್ಕೂ ಕಡೆಗೆ ಎಳೆದರೆ ನಳಿಕೆಯೂ ತೆರೆದುಕೊಳ್ಳುತ್ತದೆ. ಹಿಂಡಿದರೆ ಅದೂ ಹಿಂಡಿ ಹೋಗುತ್ತದೆ. ಉಸಿರು ಎಳೆಯುವಾಗ ಎದೆ ಅರಳಿ ಈ ಕೊಳವೆಗಳನ್ನು ಅಗಲಕ್ಕೆ ಎಳೆಯುತ್ತದೆ. ಬಿಡುವಾಗ ಆ ಎಳೆತ ಸಡಿಲವಾಗುತ್ತದೆ, ಮುಕ್ಕಿರಿದು ಬಿಟ್ಟರಂತೂ ಎದೆಯೇ ಅವನ್ನು ಅಮುಕುತ್ತದೆ. ಆಸ್ತಮಾದಲ್ಲಿ ಕೊಳವೆಯ ಸುತ್ತಲಿನ ಸ್ನಾಯು ಬಿಗಿದು, ಒಳಗೋಡೆ ಊದಿ, ಕಫ ಕಟ್ಟಿ ದಾರಿ ಮೊದಲೇ ಸಣ್ಣದಾಗಿರುತ್ತದೆ. ಹಾಗಾಗಿ ಕಷ್ಟವೆಲ್ಲ ಉಸಿರು ಬಿಡುವಾಗ. ಸುಯ್ ಅನ್ನುವ ಸಿಳ್ಳೆಯೂ ಆಗಲೇ, ಅದೇ ವೀಜಿಂಗ್. ಉಬ್ಬಸ ಇರುವವರು "ಗಾಳಿ ಹೊರಗೇ ಹೋಗ್ತಿಲ್ಲ" ಅನ್ನುವುದು ಸುಮ್ನೆ ಅಲ್ಲ.

ಸದ್ದಿನ ಬಣ್ಣ ಬೇರೆಯಾಗಲು ಇನ್ನೊಂದು ಕಾರಣವಿದೆ. ಮೇಲೆ ಇರುವುದು ಒಂದೇ ಕೊಳವೆ. ಇಡೀ ಉಸಿರು ಅದೇ ಸಂದಿಯಲ್ಲಿ ಹಾಯಬೇಕು, ಹಾಗಾಗಿ ಒರಟಾದ ಒಂದೇ ಸದ್ದು, ಸ್ಟೆತಾಸ್ಕೋಪ್ ಇಲ್ಲದೆ ಪಕ್ಕದ ಕೋಣೆಗೂ ಕೇಳುವಷ್ಟು. ಕೆಳಗೆ ಕೊಳವೆ ಕವಲೊಡೆದು ಸಾವಿರಾರಾಗಿರುತ್ತದೆ. ಬೇರೆಬೇರೆ ಅಳತೆಯ ಹಲವು ಕೊಳವೆಗಳು ಒಟ್ಟಿಗೆ ಅದುರಿದಾಗ, ಸಂಗೀತ ಕಚೇರಿ ಶುರುವಾಗುವ ಮುಂಚೆ ಎಲ್ಲರೂ ಒಟ್ಟಿಗೆ ಶ್ರುತಿ ಮಾಡಿಕೊಳ್ಳುವಂತೆ ನಾನಾ ಸ್ವರ ಬರುತ್ತವೆ.

ಮಗಳಿಗೆ ಆದದ್ದು ಬಹುಶಃ ಕ್ರೂಪ್. ಬೊಗಳುವಂಥ ಕೆಮ್ಮು, ರಾತ್ರಿ ಜಾಸ್ತಿಯಾಗುವುದು, ವಯಸ್ಸು ಎಲ್ಲ ಅದಕ್ಕೆ ಹೊಂದುತ್ತವೆ. ಸಾಮಾನ್ಯವಾಗಿ ಇದು ಪ್ಯಾರಾಇನ್‌ಫ್ಲುಯೆಂಜಾ ವೈರಸ್ಸಿನ ಕೆಲಸ, 6 ತಿಂಗಳಿಂದ 3 ವರ್ಷದ ಮಕ್ಕಳಲ್ಲಿ ಹೆಚ್ಚು. ಊತ ಬರುವ ಜಾಗವೂ ಎಡವಟ್ಟಿನದು. ಧ್ವನಿತಂತುಗಳ ಕೆಳಗೆ ಕ್ರೈಕಾಯ್ಡ್ ಅನ್ನುವ ಮೃದ್ವಸ್ಥಿ ಇದೆ. ಅದರ ಕೆಳಗಿನ ಶ್ವಾಸನಾಳದ ಉಂಗುರಗಳು ಲಾಳದ ಹಾಗೆ ಹಿಂದೆ ತೆರೆದಿರುತ್ತವೆ. ಕ್ರೈಕಾಯ್ಡ್ ಮಾತ್ರ ಬಳೆಯ ಹಾಗೆ ಪೂರ್ತಿ ಸುತ್ತಿಕೊಂಡಿರುತ್ತದೆ. ಬಳೆಯ ಒಳಗೆ ಊದಿದ ಒಳಪದರ ಹೊರಕ್ಕೆ ಹೋಗಲು ಜಾಗವೇ ಇಲ್ಲ, ಒಳಕ್ಕೇ ಬರಬೇಕು.

ಲೆಕ್ಕ ಹಾಕಿ ನೋಡಿ. ಕೂಸಿನ ಆ ದಾರಿಯ ಅಗಲ ಸುಮಾರು 4 ಮಿಲಿಮೀಟರ್. ಸುತ್ತಲೂ 1 ಮಿಲಿಮೀಟರ್ ಊದಿದರೆ ಉಳಿಯುವುದು 2. ಅಗಲ ಅರ್ಧವಾಯಿತು, ಆದರೆ ಗಾಳಿ ಹಾಯುವ ಜಾಗ ಕಾಲು ಭಾಗಕ್ಕೆ ಇಳಿಯಿತು. ಗಾಳಿ ನಯವಾಗಿ ಹರಿದರೂ ಅಡ್ಡಿ 16 ಪಟ್ಟು ಏರುತ್ತದೆ. ಸುಳಿಗಟ್ಟಿ ಹರಿದರೆ ಇನ್ನೂ ಜಾಸ್ತಿ. ಅಪ್ಪನ ದಾರಿ 8 ಮಿಲಿಮೀಟರ್ ಅಂತ ಇಟ್ಟುಕೊಂಡರೆ, ಅಷ್ಟೇ ಊತಕ್ಕೆ ಅಡ್ಡಿ ಏರುವುದು ಮೂರು ಪಟ್ಟು ಮಾತ್ರ. ಅದೇ ವೈರಸ್ ಅಪ್ಪನಿಗೆ ಬರೀ ಗಂಟಲು ಕಟ್ಟಿಸಿ ಹೋಗುತ್ತದೆ.

ಮಗು ಅತ್ತರೆ ಸದ್ದು ಜೋರಾಗುವುದೂ ಇದಕ್ಕೇ. ಬಿಕ್ಕಿ ಬಿಕ್ಕಿ ಉಸಿರು ಎಳೆದಷ್ಟೂ ಸ್ಟ್ರಾ ಕುಸಿಯುತ್ತದೆ. ಅದಕ್ಕೇ ಇಂಥ ಮಗುವಿನ ಬಾಯಿಗೆ ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ. ಅಮ್ಮನ ಮಡಿಲಲ್ಲಿ ಅದಕ್ಕೆ ಬೇಕಾದ ಹಾಗೆ ಕೂರಲು ಬಿಡಿ.

ಮನೆಯಲ್ಲಿ ವ್ಯತ್ಯಾಸ ತಿಳಿಯಬೇಕಾದರೆ ಅಂಗಿ ಬಿಚ್ಚಿ, ಹೊಟ್ಟೆಯ ಮೇಲೆ ಹಗುರವಾಗಿ ಕೈ ಇಡಿ. ಕೈ ಮೇಲೇಳುವಾಗ ಸದ್ದು ಬಂದರೆ ತೊಂದರೆ ಮೇಲಿನ ದಾರಿಯಲ್ಲಿ, ಇಳಿಯುವಾಗ ಬಂದರೆ ಕೆಳಗಿನದರಲ್ಲಿ. ಇದಕ್ಕೂ ಮಿತಿ ಇದೆ. ಅಡಚಣೆ ತುಂಬಾ ಹೆಚ್ಚಾದರೆ ಎರಡರಲ್ಲೂ ಸದ್ದು ಎರಡೂ ಹೊತ್ತು ಬರುತ್ತದೆ. ಆಡುತ್ತಾ, ತಿನ್ನುತ್ತಾ ಇದ್ದ ಮಗುವಿಗೆ ಇದ್ದಕ್ಕಿದ್ದಂತೆ ಸದ್ದು ಶುರುವಾದರೆ ಕಡಲೆಬೀಜವೋ ಮಣಿಯೋ ಸಿಕ್ಕಿರಬಹುದು. ಅದು ಗಂಟಲಲ್ಲಿ ನಿಂತರೆ ಸ್ಟ್ರೈಡರ್, ಕೆಳಗೆ ಜಾರಿದರೆ ಒಂದೇ ಪಕ್ಕದ ವೀಜಿಂಗ್.

ಸದ್ದು ಸಣ್ಣಗಾಯಿತು ಅಂತ ನಿರಾಳವಾಗುವ ಮುಂಚೆ ಮಗುವಿನ ಮುಖ ನೋಡಿ. ಚಟುವಟಿಕೆಯಿಂದ ಇದ್ದರೆ ಸರಿ. ಸುಸ್ತಾಗಿ ಜೋತು ಬಿದ್ದಿದ್ದರೆ, ಸದ್ದು ಮಾಡುವಷ್ಟು ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ. ಅಳದೆ ಸುಮ್ಮನಿದ್ದಾಗಲೂ ಸ್ಟ್ರೈಡರ್ ಕೇಳುವುದು, ಕುತ್ತಿಗೆಯ ಕೆಳಗಿನ ಗುಳಿ ಒಳಕ್ಕೆ ಸೆಳೆಯುವುದು, ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ತುಟಿ ನೀಲಿಯಾಗುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಔಷಧಿ. ಸಾಲ್ಬ್ಯುಟಮಾಲ್ ಮಾಡುವುದು ಬಿಗಿದ ಸ್ನಾಯುವನ್ನು ಸಡಿಲಿಸುವ ಕೆಲಸ. ದೊಡ್ಡವನ ಎದೆಯ ಕೊಳವೆಗಳಲ್ಲಿ ಬಿಗಿದ ಸ್ನಾಯು ಇದೆ, ಅವನಿಗೆ ಕೆಲಸ ಮಾಡುತ್ತದೆ. ಮಗಳ ಕ್ರೈಕಾಯ್ಡ್ ಬಳೆಯ ಒಳಗಿದ್ದದ್ದು ಊತ. ಅಲ್ಲಿ ಸಡಿಲಿಸಲು ಏನೂ ಇರಲಿಲ್ಲ. ಕ್ರೂಪ್‌ಗೆ ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಕೊಡುತ್ತಾರೆ, ಹೆಚ್ಚಿನ ಮಕ್ಕಳಿಗೆ ಒಂದೇ ಡೋಸ್ ಸಾಕು. ಅದು ಊತ ಇಳಿಸುತ್ತದೆ, ಆದರೆ ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಕಾಯಲಾಗದಷ್ಟು ಕಷ್ಟವಿದ್ದರೆ ಅಡ್ರಿನಲಿನ್ ಅನ್ನು ನೆಬ್ಯುಲೈಸರ್‌ನಲ್ಲಿ ಕೊಡುತ್ತಾರೆ. ಅದು ಊದಿದ ಜಾಗದ ರಕ್ತನಾಳಗಳನ್ನು ಕುಗ್ಗಿಸಿ ಅರ್ಧ ಗಂಟೆಯೊಳಗೆ ದಾರಿ ಬಿಡಿಸುತ್ತದೆ.

ನಿಮ್ಮನ್ನು ಮೂರು ಗಂಟೆ ಕೂರಿಸಿದ್ದೂ ಬಹುಶಃ ಇದಕ್ಕೇ. ಅಡ್ರಿನಲಿನ್ ಪ್ರಭಾವ ಸುಮಾರು ಎರಡು ಗಂಟೆಗೆ ಇಳಿದುಹೋಗುತ್ತದೆ. ಅಷ್ಟರೊಳಗೆ ಸ್ಟಿರಾಯ್ಡ್ ಕೆಲಸ ಶುರುಮಾಡಿರದಿದ್ದರೆ ಅದೇ ಕರ್‌ರ್ ಸದ್ದು ಮತ್ತೆ ಬರಬಹುದು, ಅದೂ ನೀವು ಮನೆ ತಲುಪಿ ಮಗುವನ್ನು ಮಲಗಿಸಿದ ಮೇಲೆ.