ಎಂಟು ರೂಮು, ಮೂರು ಗಂಟೆ: ಲೆಕ್ಕ ಎಲ್ಲಿ ತಪ್ಪುತ್ತದೆ?

ಓದುಗರ ಪ್ರಶ್ನೆ: ಮಡಿಕೇರಿ ಹತ್ತಿರ ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ಶನಿವಾರ ಎಂಟು ರೂಮು ಖಾಲಿಯಾಗಿ, ಅದೇ ದಿನ ಮತ್ತೆ ತುಂಬುತ್ತವೆ. 11ಕ್ಕೆ ಚೆಕ್‌ಔಟ್, 2ಕ್ಕೆ ಚೆಕ್‌ಇನ್. ಕೆಲಸಕ್ಕೆ ಇಬ್ಬರಿದ್ದಾರೆ. ಒಬ್ಬೊಬ್ಬರಿಗೆ ನಾಲ್ಕು ರೂಮು, ರೂಮಿಗೆ 40 ನಿಮಿಷ, ಒಟ್ಟು 160 ನಿಮಿಷ. ಇನ್ನೂ 20 ನಿಮಿಷ ಉಳಿಯಬೇಕು. ಆದರೆ ಒಂದು ವಾರವೂ 3 ಗಂಟೆಗೆ ಮೊದಲು ಮುಗಿದಿಲ್ಲ. ಇಬ್ಬರೂ ಮೈಗಳ್ಳರಲ್ಲ. ತಪ್ಪು ಎಲ್ಲಿದೆ ಅಕ್ಕಾ?

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ನಾನೂ ವರ್ಷಗಟ್ಟಲೆ ಇದೇ ಕೆಲಸ ಮಾಡಿದವಳು, ಇದೇ ತಪ್ಪು ಮಾಡಿದವಳು. ಮೊದಲು ಒಂದು ಮಾತು ಕೇಳುತ್ತೇನೆ. ಆ 40 ನಿಮಿಷ ಎಲ್ಲಿಂದ ಬಂತು?

ಬಹುಶಃ ನೀವೇ ಒಂದು ರೂಮು ಮಾಡಿ ನೋಡಿರಬೇಕು. ಇಲ್ಲವೇ ಚುರುಕಾಗಿ ಕೆಲಸ ಮಾಡುವವರನ್ನು ಕೇಳಿರಬೇಕು. ಅವರು ಹೇಳಿದ್ದು ಸುಳ್ಳಲ್ಲ. ಬೆಡ್‌ಶೀಟ್ ತೆಗೆದು ಹೊಸದು ಹಾಕುವುದು, ಬಾತ್‌ರೂಮ್ ತೊಳೆಯುವುದು, ಧೂಳು ಒರೆಸುವುದು, ಮಾಪ್ ಹಾಕುವುದು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡರೆ ಬರುವುದು ಇಷ್ಟೇ. ಸ್ಟೋರಿಗೆ ಹೋಗಿ ಟವೆಲ್ ತಂದದ್ದು ನೆನಪಿಗೆ ಬರುವುದಿಲ್ಲ. ಕೊಳೆ ಬಟ್ಟೆಯ ಗಂಟನ್ನು ಮೆಟ್ಟಿಲಿಳಿದು ಹಾಕಿ ಬಂದದ್ದು ಬರುವುದಿಲ್ಲ. ಪಕ್ಕದ ರೂಮಿನವರು ಇನ್ನೊಂದು ರಗ್ಗು ಕೇಳಿದ್ದು, ರಿಸೆಪ್ಷನ್‌ನಿಂದ ಎರಡು ಸಲ ಫೋನ್ ಬಂದದ್ದು ಯಾವುದೂ ಬರುವುದಿಲ್ಲ. ಕೆಲಸ ಅಂದ ತಕ್ಷಣ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಆ ಚಿತ್ರದಲ್ಲಿ ಎಲ್ಲವೂ ನೆಟ್ಟಗೆ ನಡೆಯುತ್ತಿರುತ್ತದೆ.

ಇದಕ್ಕೆ ಮನಃಶಾಸ್ತ್ರದವರು ಹೆಸರನ್ನೂ ಇಟ್ಟಿದ್ದಾರೆ, ಪ್ಲಾನಿಂಗ್ ಫ್ಯಾಲಸಿ ಅಂತ. 1970ರ ದಶಕದಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಕೊಟ್ಟ ಹೆಸರು. ಮುಂದೆ ರೋಜರ್ ಬ್ಯೂಲರ್ ಮತ್ತು ಜೊತೆಯವರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಆದದ್ದು 55ಕ್ಕೂ ಹೆಚ್ಚು. ತಮಾಷೆ ಇರುವುದು ಇನ್ನೊಂದು ಕಡೆ. ಎಲ್ಲವೂ ಕೆಟ್ಟು ಕೂತರೆ ಎಷ್ಟು ದಿನ ಎಂದೂ ಅವರನ್ನು ಕೇಳಿದ್ದರು. ಅದಕ್ಕೆ ಬಂದ ಉತ್ತರ ಸುಮಾರು 49. ಅಂದರೆ ಕೆಟ್ಟದ್ದನ್ನೇ ಊಹಿಸಿ ಎಂದು ಹೇಳಿದರೂ ನಮ್ಮ ಊಹೆ ನಿಜಕ್ಕೆ ಮುಟ್ಟುವುದಿಲ್ಲ. ಹಾಗಾಗಿ 'ಸ್ವಲ್ಪ ಜಾಸ್ತಿ ಹಾಕಿಕೊಳ್ಳೋಣ' ಎಂದು ಅಂದಾಜಿನ ಮೇಲೆ ಅಂದಾಜು ಸೇರಿಸಿದರೆ ಉಪಯೋಗವಿಲ್ಲ. ನಡೆದದ್ದನ್ನು ಬರೆದಿಟ್ಟು ನೋಡಬೇಕು.

ನಾನು ಮಾಡಿದ್ದು ಇಷ್ಟೇ. ಪ್ರತಿ ಟ್ರಾಲಿಗೆ ಒಂದು ಚಿಕ್ಕ ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು. ರೂಮಿನ ಬಾಗಿಲು ತೆರೆದಾಗ ಒಂದು ಸಮಯ, ಮುಂದಿನ ರೂಮಿನ ಬಾಗಿಲು ತೆರೆದಾಗ ಇನ್ನೊಂದು. 'ಮುಗಿದಾಗ' ಅಲ್ಲ, 'ಮುಂದಿನದು ತೆರೆದಾಗ'. ಈ ವ್ಯತ್ಯಾಸ ಮುಖ್ಯ. ಓಡಾಟ, ಸ್ಟೋರು, ಫೋನು ಎಲ್ಲ ಆಗ ತಾನಾಗಿ ಲೆಕ್ಕಕ್ಕೆ ಬರುತ್ತದೆ. ಒಂದು ಸಲ ಹತ್ತು ರೂಮಿಗೆ ಸಿಕ್ಕಿದ ನಿಮಿಷಗಳು ಹೀಗಿದ್ದವು: 34, 36, 38, 38, 41, 42, 45, 47, 58, 76.

ಈ ಸಾಲನ್ನು ನಿಧಾನವಾಗಿ ನೋಡಿ. ಮಧ್ಯದಲ್ಲಿರುವುದು 41, 42. ನಿಮ್ಮ 40ಕ್ಕೆ ತೀರ ಹತ್ತಿರ. ಹಾಗಾದರೆ ನಿಮ್ಮ ಅಂದಾಜು ಸರಿ ಅಲ್ವಾ? ಒಂದು ರೂಮಿನ ಮಟ್ಟಿಗೆ ಸರಿ. ಆದರೆ ಎಲ್ಲವನ್ನೂ ಕೂಡಿಸಿ ಹತ್ತರಿಂದ ಭಾಗಿಸಿದರೆ 45.5 ಬರುತ್ತದೆ. ನಾಲ್ಕು ರೂಮಿಗೆ 182 ನಿಮಿಷ. ನಿಮ್ಮ ಮೂರು ಗಂಟೆ ಅಲ್ಲಿಗೇ ಮುಗಿದುಹೋಯಿತು. ಉಳಿಯುತ್ತದೆ ಎಂದುಕೊಂಡ 20 ನಿಮಿಷ ಯಾವತ್ತೂ ಇರಲೇ ಇಲ್ಲ.

ಮಧ್ಯದ ಸಂಖ್ಯೆಗಿಂತ ಸರಾಸರಿ ಮೇಲೇರಿದ್ದು ಕೊನೆಯ ಎರಡು ರೂಮಿನಿಂದ. ಎಷ್ಟೇ ಚುರುಕಾದವರೂ ಒಂದು ರೂಮನ್ನು 30 ನಿಮಿಷಕ್ಕಿಂತ ಬೇಗ ಸರಿಯಾಗಿ ಮುಗಿಸಲಾರರು. ಕೆಳಗೆ ಒಂದು ನೆಲ ಇದೆ. ಮೇಲಕ್ಕೆ ಮಾತ್ರ ಮಿತಿಯಿಲ್ಲ. ಆ 76 ನಿಮಿಷದ ರೂಮಿನಲ್ಲಿ ಮಗು ಹಾಸಿಗೆ ಒದ್ದೆ ಮಾಡಿತ್ತು. ಹಾಸಿಗೆ ಬದಲಿಸಲು ಇನ್ನೊಬ್ಬರ ಕೈ ಬೇಕಾಯಿತು, ಆ ಇನ್ನೊಬ್ಬರು ಬರುವವರೆಗೆ ಕಾಯಬೇಕಾಯಿತು. 58ರದ್ದು ಬೇರೆ ಕಥೆ. ಜಲಪಾತಕ್ಕೆ ಹೋಗಿ ಬಂದವರು ಕೆಸರಿನ ಶೂ ಬಾತ್‌ರೂಮ್‌ನಲ್ಲೇ ತೊಳೆದಿದ್ದರು, ನೀರು ಹೋಗುವ ಜಾಲರಿ ಕಟ್ಟಿಕೊಂಡಿತ್ತು. ಹೀಗೆ ತಡವಾಗುವುದಕ್ಕೆ ದಾರಿ ಹತ್ತಾರು, ಬೇಗ ಮುಗಿಯುವುದಕ್ಕೆ ಇಲ್ಲ. ಎಂಟು ರೂಮಿನಲ್ಲಿ ಒಂದಾದರೂ ಹೀಗೆ ಕೈಕೊಡುವ ಸಾಧ್ಯತೆಯೇ ಹೆಚ್ಚು. ಯಾವುದು ಎಂಬುದಷ್ಟೇ ಬೆಳಗ್ಗೆ ಗೊತ್ತಿರುವುದಿಲ್ಲ.

ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ನಿಮ್ಮಲ್ಲಿ ಇಬ್ಬರಿದ್ದಾರೆ. ಒಬ್ಬೊಬ್ಬರೂ ಸಮಯಕ್ಕೆ ಮುಗಿಸುವುದು ಎರಡು ವಾರದಲ್ಲಿ ಒಂದು ವಾರ ಅಂತಿಟ್ಟುಕೊಳ್ಳಿ. ಇಬ್ಬರೂ ಒಟ್ಟಿಗೆ ಸಮಯಕ್ಕೆ ಮುಗಿಸುವುದು ನಾಲ್ಕು ವಾರದಲ್ಲಿ ಒಂದು ವಾರ ಮಾತ್ರ. ಎಂಟೂ ರೂಮು ಆದವು ಎಂದು ರಿಸೆಪ್ಷನ್‌ಗೆ ಹೇಳುವುದು ಹಿಂದೆ ಬಿದ್ದವರ ಕೆಲಸ ಮುಗಿದ ಮೇಲೆ ತಾನೇ.

ಈಗ ಮೀಸಲು ಸಮಯದ ವಿಷಯ. ಅದಕ್ಕೂ ಮೊದಲು ಒಂದು ಜರಡಿ ಹಿಡಿಯಬೇಕು. ಪ್ರತಿ ವಾರ ಆಗುವುದು ಅನಿರೀಕ್ಷಿತ ಅಲ್ಲ. 11ಕ್ಕೆ ಚೆಕ್‌ಔಟ್ ಎಂದರೆ ಯಾವ ಅತಿಥಿ 11ಕ್ಕೆ ಬೀಗದ ಕೈ ಕೊಡುತ್ತಾರೆ ಹೇಳಿ? ಬ್ಯಾಗು ಕಾರಿಗಿಟ್ಟು, ಕಾಫಿ ಪುಡಿ, ಜೇನು ಖರೀದಿಸಿ, ಗೇಟಿನ ಹತ್ತಿರ ಫೋಟೊ ತೆಗೆದು ಹೊರಡುವಾಗ 11.15. ಲಾಂಡ್ರಿ ಗಾಡಿ ಪ್ರತಿ ಶನಿವಾರ ತಡವಾಗಿಯೇ ಬರುತ್ತದೆಯೇ? ಅದೂ ಅಷ್ಟೇ. ಇಂಥದ್ದನ್ನೆಲ್ಲ ಯೋಜನೆಯ ಒಳಗೇ ಬರೆಯಿರಿ. ಇದನ್ನು ಮೀಸಲಿನಿಂದ ಕಳೆಯುತ್ತಾ ಹೋದರೆ, ನಿಜವಾಗಿ ಹಾಸಿಗೆ ಒದ್ದೆಯಾದ ದಿನ ಕೈಯಲ್ಲಿ ಒಂದು ನಿಮಿಷವೂ ಇರುವುದಿಲ್ಲ.

ಆ 15 ನಿಮಿಷ ಕಳೆದರೆ ನಿಮ್ಮ ಬಳಿ ಇರುವುದು 180 ಅಲ್ಲ, 165 ನಿಮಿಷ. ಈಗ ಮೀಸಲು ಎಷ್ಟು? ನಾನು ಹಾಕುವ ಲೆಕ್ಕ ಸರಳ. ಸಾಮಾನ್ಯ ರೂಮಿಗೂ ಕೆಟ್ಟ ರೂಮಿಗೂ ಇರುವ ಅಂತರ, ಅಂದರೆ 76ರಲ್ಲಿ 42 ಕಳೆದು 34. ಅದನ್ನು 35 ಎಂದುಕೊಳ್ಳಿ. ಒಬ್ಬರ ಪಾಲಿನಲ್ಲಿ ಅಂಥದ್ದು ಒಂದು ಬಂದರೆ ತಡೆದುಕೊಳ್ಳುವಷ್ಟು. ಒಂದೇ ದಿನ ಒಬ್ಬರಿಗೇ ಎರಡು ಬಂದರೆ ಇದು ಸಾಲದು, ಅದನ್ನು ಒಪ್ಪಿಕೊಂಡೇ ಹಾಕುವ ಲೆಕ್ಕ. ನಾಲ್ಕು ರೂಮಿಗೆ 42ರಂತೆ 168, ಜೊತೆಗೆ 35, ಒಟ್ಟು 203 ನಿಮಿಷ. ಇರುವುದು 165. ಇಬ್ಬರಿಂದ ಆಗುವುದಿಲ್ಲ. ಎಷ್ಟು ಗದರಿದರೂ ಆಗುವುದಿಲ್ಲ.

ಮೂರನೆಯವರೊಬ್ಬರು ಬಂದರೆ? ಮೂರು, ಮೂರು, ಎರಡು ಎಂದು ಹಂಚಿ. ಮೂರು ರೂಮಿಗೆ 126, ಮೇಲೆ 35, ಒಟ್ಟು 161. ಕೂದಲೆಳೆಯಲ್ಲಿ ಹಿಡಿಸಿತು. ಎರಡು ರೂಮಿನವರು ಖಾಲಿ ಕೂರುವುದಿಲ್ಲ. ರಗ್ಗು ಕೇಳಿದವರಿಗೆ ರಗ್ಗು, ಸ್ಟೋರಿಗೆ ಓಡಾಟ, ಹಾಸಿಗೆ ಎತ್ತಲು ಎರಡನೇ ಕೈ ಎಲ್ಲ ಅವರೇ. ಉಳಿದಿಬ್ಬರ ಕೆಲಸ ಮಧ್ಯೆ ಕಡಿಯುವುದು ಆಗ ನಿಲ್ಲುತ್ತದೆ. ಪೂರ್ತಿ ದಿನದ ಆಳು ಬೇಕಿಲ್ಲ. ಅಡುಗೆಮನೆಯಲ್ಲಿ ತಿಂಡಿಯ ಕೆಲಸ ಮುಗಿಸಿದವರನ್ನು 11ರಿಂದ 2ರವರೆಗೆ ಕೇಳಿಕೊಂಡರೂ ಸಾಕು. ಯಾರೂ ಸಿಗದಿದ್ದರೆ ಎರಡು ರೂಮನ್ನು 3 ಗಂಟೆಯ ಚೆಕ್‌ಇನ್‌ಗೆ ಹಾಕಿ ಎಂದು ರಿಸೆಪ್ಷನ್‌ಗೆ ಹಿಂದಿನ ದಿನವೇ ಹೇಳಿ. ಬೆಂಗಳೂರಿನಿಂದ ಹೊರಟವರು ಹೇಗೂ ದಾರಿಯಲ್ಲಿ ಊಟ ಮಾಡಿಯೇ ಬರುತ್ತಾರೆ. ಮೊದಲೇ ಹೇಳಿದ 3 ಗಂಟೆಗೆ ಯಾರೂ ಜಗಳ ಮಾಡಿದ್ದು ನಾನು ನೋಡಿಲ್ಲ. 2 ಎಂದು ಹೇಳಿ 2.40ಕ್ಕೆ ಕೊಟ್ಟರೆ ಮಾತ್ರ ಲಾಬಿಯಲ್ಲಿ ರಾದ್ಧಾಂತ.

ಮೀಸಲನ್ನು ಎಲ್ಲಿ ಇಡುವುದು ಎಂಬುದೂ ಒಂದು ಪ್ರಶ್ನೆ. ರೂಮಿಗೆ 42ರ ಬದಲು 52 ಎಂದು ಬರೆದರೆ ಆ ಹತ್ತು ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ. ಸಮಯ ಇದೆ ಎಂದರೆ ಕೈ ತಾನಾಗಿ ನಿಧಾನವಾಗುತ್ತದೆ, ಅದು ಯಾರ ತಪ್ಪೂ ಅಲ್ಲ. ಹಾಗಾಗಿ ರೂಮಿಗೆ 42 ಎಂದೇ ಬರೆದು, 35ನ್ನು ಕೊನೆಯಲ್ಲಿ ಒಟ್ಟಾಗಿ ಇಡಿ. ಯಾರಿಗೆ ಕೆಟ್ಟ ರೂಮು ಬಂತೋ ಅವರು ಬಳಸಲಿ. ಬಾರದಿದ್ದವರು ಬಂದವರ ಜೊತೆ ಕೈಜೋಡಿಸಲಿ.

ಕೆಟ್ಟ ರೂಮನ್ನು ಬೇಗ ಪತ್ತೆ ಮಾಡುವ ಉಪಾಯವೂ ಇದೆ. ಒಂದೊಂದೇ ರೂಮು ಮುಗಿಸುತ್ತಾ ಹೋಗಬೇಡಿ. ಖಾಲಿಯಾದ ರೂಮುಗಳಿಗೆಲ್ಲ ಮೊದಲು ಒಂದು ಸುತ್ತು ಹೊಡೆಯಿರಿ. ಬೆಡ್‌ಶೀಟ್ ಎಳೆದು ಹಾಕಿ, ಗೀಸರ್ ಸ್ವಿಚ್ ಒತ್ತಿ, ಫ್ಲಶ್ ಮಾಡಿ, ಟಿವಿ ರಿಮೋಟ್ ಇದೆಯೇ ನೋಡಿ, ಕಿಟಕಿ ತೆರೆದು ಬನ್ನಿ. ರೂಮಿಗೆ ಮೂರ್ನಾಲ್ಕು ನಿಮಿಷ. ಬೆಡ್‌ಶೀಟ್ ಎಳೆಯುವ ಕೆಲಸ ಹೇಗೂ ಇತ್ತು, ಅದು ಮೊದಲೇ ಆಯಿತು ಅಷ್ಟೇ. ಗೀಸರ್ ಕೆಟ್ಟಿದೆ ಎಂದು 11.30ಕ್ಕೆ ಗೊತ್ತಾದರೆ ಎಲೆಕ್ಟ್ರಿಷಿಯನ್ ಬರುವುದಕ್ಕೆ ಎರಡು ಗಂಟೆ ಇದೆ. 1.40ಕ್ಕೆ ಗೊತ್ತಾದರೆ ದೇವರೇ ಗತಿ.

ಮಧ್ಯದಲ್ಲಿ ಒಂದು ಕಡೆ ನಿಂತು ನೋಡಿ. 12.45 ಒಳ್ಳೆಯ ಸಮಯ. ಮೂರು ರೂಮಿನವರು ಎರಡನೆಯದನ್ನು ಮುಗಿಸುವ ಹೊತ್ತು ಅದು. ಇನ್ನೂ ಮೊದಲನೆಯದರಲ್ಲೇ ಇದ್ದರೆ ಮೀಸಲು ಆಗಲೇ ಖರ್ಚಾಗಿದೆ ಎಂದರ್ಥ. ಬೇಗ ಬರುವ ಅತಿಥಿಯ ರೂಮು ಯಾವುದು ಎಂದು ಆಗಲೇ ರಿಸೆಪ್ಷನ್‌ನಲ್ಲಿ ಕೇಳಿ, ಅದನ್ನು ಮೊದಲು ಮಾಡಿ. 'ಹೇಗಾದರೂ ಸರಿಹೋಗುತ್ತೆ' ಎಂದು ಇನ್ನೊಂದು ಗಂಟೆ ಸುಮ್ನೆ ಕಾಯುವುದೇ ನಾವೆಲ್ಲ ಮಾಡುವ ತಪ್ಪು.

ಮಾಲೀಕರ ಜೊತೆ ಒಂದು ತಕರಾರು ಬಂದೇ ಬರುತ್ತದೆ. ನನಗೂ ಬಂದಿತ್ತು. ಎರಡು ವಾರ 1.30ಕ್ಕೇ ಮುಗಿಸಿದೆವು. ಮೂರನೇ ವಾರ ಆ ಅರ್ಧ ಗಂಟೆಗೆ ಹಾಲ್‌ನ ಕಿಟಕಿ ಗಾಜು ಒರೆಸುವ ಕೆಲಸ ಸೇರಿತ್ತು. ನಾಲ್ಕನೇ ವಾರ ಮತ್ತೆ 2.50. ನಾನು ಪುಸ್ತಕ ತೆಗೆದು 76ರ ಸಾಲು ತೋರಿಸಿದೆ. ಗಾಜು ಮಂಗಳವಾರಕ್ಕೆ ಹೋಯಿತು. ಬಾಯಿಮಾತಿಗೆ ಇಲ್ಲದ ತೂಕ ಆ ಪುಸ್ತಕಕ್ಕಿತ್ತು.

ಇಲ್ಲಿ ಕೊಟ್ಟಿರುವ ಸಂಖ್ಯೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮ ರೂಮು ದೊಡ್ಡದಿರಬಹುದು, ಕಾಟೇಜ್‌ಗಳ ನಡುವೆ ಏರು ದಾರಿ ಇರಬಹುದು. ಎರಡು ಶನಿವಾರ ಬರೆದರೆ ಹದಿನಾರು ರೂಮಿನ ಲೆಕ್ಕ ಸಿಗುತ್ತದೆ, ಶುರು ಮಾಡಲು ಸಾಕು. ಆದರೆ ಏಪ್ರಿಲ್‌ನಲ್ಲಿ ಬರೆದದ್ದನ್ನು ಜುಲೈಗೆ ಬಳಸಬೇಡಿ. ನಮ್ಮ ಕೊಡಗಿನ ಮಳೆ ಗೊತ್ತಲ್ಲ. ನೆಲ ಒರೆಸಿದರೂ ಒಣಗುವುದಿಲ್ಲ, ಹೊರಗೆ ಹೋಗಿ ಬಂದವರ ಕಾಲಿನಲ್ಲಿ ಮಣ್ಣಿರುತ್ತದೆ, ಕರೆಂಟ್ ಹೋದರೆ ಲಾಂಡ್ರಿಯ ಡ್ರೈಯರ್ ನಿಲ್ಲುತ್ತದೆ. ನನ್ನ ಪುಸ್ತಕದಲ್ಲಿ ಮಳೆಗಾಲಕ್ಕೆ ಬೇರೆಯೇ ಪುಟ ಇತ್ತು. ಅದರ ಅಂಚೆಲ್ಲ ಒದ್ದೆಯಾಗಿ ಉಬ್ಬಿ, ಕೆಲವು ಸಂಖ್ಯೆ ಓದಲೂ ಬರುತ್ತಿರಲಿಲ್ಲ. ಆಮೇಲೆ ಪೆನ್ನು ಬಿಟ್ಟು ಪೆನ್ಸಿಲ್ ಕಟ್ಟಿದೆ.