ಓದುಗರ ಪ್ರಶ್ನೆ: ಮೀನು ಮಾರ್ಕೆಟಿನಲ್ಲಿ ತುಳುವಲ್ಲಿ ಚೌಕಾಸಿ ಮಾಡುವುದು ಹೇಗೆ?

ಪ್ರಶ್ನೆ: ನಾನು ಮೈಸೂರು ಕಡೆಯವಳು, ಉಡುಪಿಗೆ ಬಂದು ಆರು ತಿಂಗಳಾಯಿತು. ಮೀನು ಮಾರುವ ಹೆಂಗಸಿನ ಹತ್ತಿರ “ಏನಮ್ಮಾ, ಇಷ್ಟೊಂದಾ? ಅರ್ಧಕ್ಕೆ ಕೊಡು” ಅಂದೆ. ಆಕೆ ಮುಖ ತಿರುಗಿಸಿ ಪಕ್ಕದ ಗಿರಾಕಿಯ ಹತ್ತಿರ ಮಾತಾಡತೊಡಗಿದರು. “ಕಡಿಮೆ ಮಾಡಿ” ಅನ್ನುವುದಕ್ಕೆ ತುಳುವಿನಲ್ಲಿ ಏನನ್ನಬೇಕು?

ಉತ್ತರ: “ಒಂತೆ ಕಮ್ಮಿ ಮಲ್ಪುಲೆ” ಅನ್ನಬೇಕು. ಆದರೆ ನಿಮ್ಮ ಮಾತು ಕೆಟ್ಟದ್ದು ರೇಟಿನಿಂದ ಅಲ್ಲ, “ಕೊಡು” ಎಂಬುದರಿಂದ. ನಿಮ್ಮ ಕಡೆ “ಏನಮ್ಮಾ, ಕೊಡು” ಅಂದರೆ ಸಲಿಗೆ. ಇಲ್ಲಿ ಗುರುತಿಲ್ಲದವರನ್ನು ಏಕವಚನದಲ್ಲಿ ಕರೆದರೆ ಅದು ಸಲಿಗೆಯಲ್ಲ, ಅವಮಾನ. ತುಳುವಿನಲ್ಲಿ ಈ ವ್ಯತ್ಯಾಸ ಒಂದೇ ಸ್ವರದಲ್ಲಿ ಅಡಗಿದೆ: “ಕೊರ್ಲ” ಅಂದರೆ ಕೊಡು, “ಕೊರ್ಲೆ” ಅಂದರೆ ಕೊಡಿ. “ಮಲ್ಪುಲ”, “ಮಲ್ಪುಲೆ” ಕೂಡ ಹಾಗೆಯೇ. ಕೊನೆಯ “ಲೆ” ಸ್ವಲ್ಪ ಎಳೆದೇ ಹೇಳಿ. ಮಧ್ಯೆ ಒಂದು “ಅಕ್ಕ” ಸೇರಿಸಿ. ತುಳು ಬಾರದಿದ್ದರೆ “ಸ್ವಲ್ಪ ನೋಡಿ ಕೊಡಿ ಮಾರಾಯ್ರೆ” ಎಂಬ ಕನ್ನಡವೂ ನಡೆಯುತ್ತದೆ. ಅರೆಬರೆ ತುಳುವಿಗೆ ಯಾರೂ ನಗುವುದಿಲ್ಲ. ನಕ್ಕರೂ ಒಂದು ಮೀನು ಹೆಚ್ಚು ಸಿಗಬಹುದು.

ಇನ್ನು “ಅರ್ಧಕ್ಕೆ” ಎಂಬ ಮಾತು. ಬಂಗುಡೆ, ಬೂತಾಯಿಯಂಥ ಮೀನನ್ನು ಬುಟ್ಟಿಯಲ್ಲಿ ಮಾರುವವರು ಎಷ್ಟೋ ಸಲ ತೂಗುವುದಿಲ್ಲ, ಎಣಿಸಿ ಕೊಡುತ್ತಾರೆ ಇಲ್ಲವೇ ಗುಪ್ಪೆ ಮಾಡಿಡುತ್ತಾರೆ. ಹಾಗಾಗಿ ಕೇಳಬೇಕಾದದ್ದು “ಕಿಲೋ ಎಷ್ಟು” ಎಂದಲ್ಲ, “ನೂದುಗು ಏತ್?” ಎಂದು. ನೂರಕ್ಕೆ ಎಷ್ಟು ಮೀನು ಎಂದು ಅರ್ಥ. ಇಲ್ಲಿ ನೂರು ರೂಪಾಯಿ ಅಲುಗುವುದಿಲ್ಲ, ಮೀನಿನ ಲೆಕ್ಕ ಅಲುಗುತ್ತದೆ. ಚೌಕಾಸಿಯ ನಿಜವಾದ ವಾಕ್ಯ “ಕಮ್ಮಿ ಮಲ್ಪುಲೆ” ಅಲ್ಲ, “ನನೊಂಜಿ ಪಾಡ್ಲೆ”: ಇನ್ನೊಂದು ಹಾಕಿ.

ಒಂದು ವ್ಯಾಪಾರ ಹೀಗೆ ನಡೆಯುತ್ತದೆ ಅನ್ನಿ. ನೀವು ಬಂಗುಡೆ ತೋರಿಸಿ ಕೇಳುತ್ತೀರಿ.

“ನೂದುಗು ಏತ್ ಅಕ್ಕ?”

“ಐನ್.” ಐದು.

“ಮಸ್ತ್ ಕಮ್ಮಿ ಆಂಡ್. ನನ ರಡ್ಡ್ ಪಾಡ್ಲೆ.” ತೀರಾ ಕಡಿಮೆಯಾಯಿತು, ಇನ್ನೆರಡು ಹಾಕಿ.

“ಇನಿ ಮೀನೇ ಇಜ್ಜಿ.” ಇವತ್ತು ಮೀನೇ ಇಲ್ಲ.

ಈ ಕೊನೆಯ ಮಾತು ನಿರಾಕರಣೆಯಲ್ಲ, ಆಟದ ಒಂದು ನಡೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವಾಗ ಅದೇ ಮಾತು ಬರೀ ಸತ್ಯ, ಆಗ ಹೆಚ್ಚು ಎಳೆಯಬೇಡಿ. ಉಳಿದ ದಿನ ನಗುತ್ತಾ “ನನೊಂಜಿ ಪಾಡ್ಲೆ ಅಕ್ಕ” ಅನ್ನಿ. ಒಂದು ಬೀಳುತ್ತದೆ, ಐದು ಆರಾಗುತ್ತದೆ. ನೀವು “ಆವು” (ಆಯಿತು) ಅಂದಿರೋ, ವ್ಯಾಪಾರ ಮುಗಿಯಿತು. ಆಮೇಲೆ ಏಳನೆಯದನ್ನು ಕೇಳುವುದು, ಅಥವಾ ಮನಸ್ಸು ಬದಲಾಯಿಸಿ “ಬೊಡ್ಚಿ” (ಬೇಡ) ಅನ್ನುವುದು, ಎರಡೂ ಬೈಗುಳಕ್ಕೆ ದಾರಿ. ಬೆಳಿಗ್ಗೆಯ ಮೊದಲ ಗಿರಾಕಿ ನೀವಾಗಿದ್ದರೆ ಇನ್ನೂ ಜಾಗ್ರತೆ: ಬೋಣಿಯ ಹೊತ್ತಿನಲ್ಲಿ ಎಳೆದಾಡಿ ಬರಿಗೈಯಲ್ಲಿ ಹೋದವರನ್ನು ಅವರು ಸುಲಭಕ್ಕೆ ಮರೆಯುವುದಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ನಾನು ಮಾಡಿದ ತಪ್ಪು ಬೇರೆ. ರೇಟು ಇಳಿಸಲಿಕ್ಕೆಂದು ಎಲ್ಲರಿಗೂ ಕೇಳುವಂತೆ “ಇದು ಪರತ್ ಅಲ್ವಾ?” ಅಂದುಬಿಟ್ಟೆ. ಪರತ್ ಅಂದರೆ ಹಳತು. ಆಕೆ ನನ್ನ ಕೈಯಿಂದ ಮೀನು ಕಸಿದು ಬುಟ್ಟಿಗೆ ಹಾಕಿದರು. ತರಕಾರಿಯವನ ಹತ್ತಿರ “ಬಾಡಿದೆ” ಅನ್ನಬಹುದು, ಮೀನಿನವರ ಹತ್ತಿರ ಪಕ್ಕದ ಗಿರಾಕಿಗಳೆದುರು ಹಾಗನ್ನಬಾರದು. “ಇನಿತ ಮೀನಾ?” (ಇವತ್ತಿನದಾ?) ಎಂದು ಮೆಲ್ಲಗೆ ಕೇಳಿ, ಸುಮ್ಮನೆ ಕಿವಿರು ಎತ್ತಿ ನೋಡಿ. ಕೆಂಪಿದ್ದರೆ ತೆಗೆದುಕೊಳ್ಳಿ, ಕಂದಿದ್ದರೆ ಏನೂ ಅನ್ನದೆ “ಪೋದು ಬರ್ಪೆ ಅಕ್ಕ” (ಹೋಗಿ ಬರುತ್ತೇನೆ) ಎಂದು ಮುಂದೆ ನಡೆಯಿರಿ. ಕಿವಿರು ನೋಡಿದಾಗಲೇ ಆಕೆಗೂ ವಿಷಯ ಗೊತ್ತಾಗಿರುತ್ತದೆ.

ಇದೇ ಚಾಳಿಯನ್ನು ಮಲ್ಲಿಗೆಯವರ ಹತ್ತಿರ ಒಯ್ಯಬೇಡಿ. ಉಡುಪಿ ಮಲ್ಲಿಗೆಯ ಅಟ್ಟೆಗೆ ಇಷ್ಟೆಂದು ಅದನ್ನು ಬೆಳೆಯುವ ಶಂಕರಪುರದಲ್ಲಿ ದಿನದಿನದ ದರ ಗೊತ್ತಾಗುತ್ತದೆ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದಾರಿಬದಿ ಮಾರುವವರ ಕೈಯಲ್ಲಿ ಇಳಿಸುವಷ್ಟು ಅವಕಾಶ ಹೆಚ್ಚಿರುವುದಿಲ್ಲ. “ಇನಿ ಅಟ್ಟೆಗ್ ಏತ್?” ಎಂದು ಕೇಳಿ, ಹೆಚ್ಚೆನಿಸಿದರೆ ಅರ್ಧ ಚೆಂಡು ಕೊಳ್ಳಿ.

ಕೊನೆಗೆ, ನಿಮ್ಮ ಕಿವಿಗೆ ಬೀಳುವ ಒಂದು ಮಾತು: “ಎಲ್ಲೆ ಬಲೆ.” ನಾಳೆ ಬನ್ನಿ ಎಂದಷ್ಟೇ ಅರ್ಥ. ಚೀಲ ನಿಮ್ಮ ಕೈಗೆ ಬಂದ ಮೇಲೆ ಹೇಳಿದರೆ ನೀವು ಅವರ ಗಿರಾಕಿಯಾದಿರಿ. ನೀವು ಇನ್ನೂ ಎಳೆದಾಡುತ್ತಿರುವಾಗ, ನಿಮ್ಮ ಮುಖ ನೋಡದೆ, ಮೀನಿಗೆ ನೀರು ಚಿಮುಕಿಸುತ್ತಾ ಹೇಳಿದರೆ, ಮುಂದಿನ ಬುಟ್ಟಿಗೆ ಹೋಗಿ.