ಪೆಟ್ಟಿಗೆ ಕಲ್ಲಂಗಡಿ ಹೊಲದಲ್ಲಿ, ಜೇನು ಸೂರ್ಯಕಾಂತಿಯಲ್ಲಿ

ಕಲ್ಲಂಗಡಿ ಹಾಕಿದ್ದ ನಮ್ಮ ಚಿಕ್ಕಪ್ಪ ಒಂದು ದಿನ ಫೋನ್ ಮಾಡಿದರು. "ಎರಡು ಜೇನು ಪೆಟ್ಟಿಗೆ ಬಾಡಿಗೆಗೆ ತಂದು ಹೊಲದ ಮಧ್ಯೆನೇ ಇಟ್ಟಿದ್ದೀನಿ ಕಣೋ. ಬೆಳಗಾದ್ರೆ ಸಾಕು, ಎಲ್ಲಾ ಎದ್ದು ಪಕ್ಕದವನ ಸೂರ್ಯಕಾಂತಿಗೆ ಹೋಗ್ತವೆ. ದುಡ್ಡು ನಂದು, ಕೆಲಸ ಅವನದು!"

ನನಗೆ ನಗು ಬಂತು. ಆದರೆ ಚಿಕ್ಕಪ್ಪ ಕಂಡದ್ದು ಸರಿಯಾಗಿಯೇ ಇತ್ತು. ಪೆಟ್ಟಿಗೆ ಎಲ್ಲಿರಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಜೇನು ಎಲ್ಲಿಗೆ ಹೋಗಬೇಕು ಅನ್ನುವುದು ಆ ಪೆಟ್ಟಿಗೆಯ ಕತ್ತಲಲ್ಲಿ, ಎರಿಯ ಮೇಲೆ ನಡೆಯುವ ಒಂದು ಕುಣಿತದಲ್ಲಿ ತೀರ್ಮಾನವಾಗುತ್ತದೆ.

ಆ ಸೂರ್ಯಕಾಂತಿ ಹೊಲ ಪೆಟ್ಟಿಗೆಯಿಂದ ದಕ್ಷಿಣಕ್ಕೆ ಸುಮಾರು 700 ಮೀಟರ್ ದೂರದಲ್ಲಿತ್ತು ಎಂದಿಟ್ಟುಕೊಳ್ಳಿ. ಮಾರ್ಚ್ ತಿಂಗಳ ಬೆಳಿಗ್ಗೆ ಎಂಟು ಗಂಟೆ. ಸೂರ್ಯ ಪೂರ್ವದಲ್ಲಿದ್ದಾನೆ. ಒಂದು ಜೇನ್ನೊಣ ಅಲ್ಲಿಂದ ಹೊಟ್ಟೆ ತುಂಬಾ ಮಕರಂದ ತಂದು ಗೂಡಿನ ನೊಣಗಳಿಗೆ ಒಪ್ಪಿಸುತ್ತದೆ. ಆಮೇಲೆ ನೇತುಬಿದ್ದ ಎರಿಯ ಮೇಲೆ ತನ್ನ ಹಿಂಭಾಗವನ್ನು ಪಟಪಟ ಅಲ್ಲಾಡಿಸುತ್ತಾ ನೇರವಾಗಿ ಸ್ವಲ್ಪ ದೂರ ಓಡುತ್ತದೆ. ಓಟ ಮುಗಿದದ್ದೇ ಎಡಕ್ಕೆ ತಿರುಗಿ, ಸುತ್ತು ಹಾಕಿ ಹೊರಟ ಜಾಗಕ್ಕೆ ಬರುತ್ತದೆ. ಮತ್ತೆ ಅದೇ ಓಟ. ಈ ಸಲ ಬಲಕ್ಕೆ ಸುತ್ತು. ಮೇಲಿಂದ ನೋಡಿದರೆ 8 ಬರೆದಂತೆ ಕಾಣುತ್ತದೆ. ಸುತ್ತು ಹಾಕುವುದು ಮತ್ತೆ ಶುರು ಮಾಡುವುದಕ್ಕೆ ಅಷ್ಟೆ. ಸುದ್ದಿ ಇರುವುದು ನಡುವಿನ ಆ ನೇರ ಓಟದಲ್ಲಿ.

ಗೂಡಿನ ಒಳಗೆ ಸೂರ್ಯ ಕಾಣುವುದಿಲ್ಲ. ಹಾಗಾಗಿ ಜೇನುಗಳ ನಡುವೆ ಒಂದು ಒಪ್ಪಂದ ಇದೆ: ಎರಿಯ ಮೇಲ್ಭಾಗ ಅಂದರೆ ಸೂರ್ಯನ ಕಡೆ. ನೇರ ಮೇಲಕ್ಕೆ ಓಡಿದರೆ "ಸೂರ್ಯನತ್ತ ಹೋಗಿ" ಎಂದರ್ಥ. ನೇರ ಕೆಳಗೆ ಓಡಿದರೆ "ಸೂರ್ಯನಿಗೆ ಬೆನ್ನು ಹಾಕಿ". ಪೂರ್ವಕ್ಕೆ ಮುಖ ಮಾಡಿ ನಿಂತವನಿಗೆ ದಕ್ಷಿಣ ಬಲಗಡೆ ಬರುತ್ತೆ, ಅಲ್ವಾ? ಹಾಗಾಗಿ ನಮ್ಮ ಜೇನ್ನೊಣ ಎರಿಯ ಮೇಲೆ ಬಲಕ್ಕೆ ಅಡ್ಡಡ್ಡ ಓಡುತ್ತದೆ. ಸಂಜೆ ನಾಲ್ಕಕ್ಕೆ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ. ಹೊಲ ಇದ್ದಲ್ಲೇ ಇದೆ. ಆದರೆ ಈಗ ಓಟ ಎಡಕ್ಕೆ.

ದೂರವನ್ನು ಹೇಳುವುದು ಓಟದ ಹೊತ್ತು. ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ ಜೇನಿನಲ್ಲಿ ಸ್ಥೂಲವಾಗಿ ಒಂದು ಸೆಕೆಂಡು ಅಲ್ಲಾಡಿಸಿದರೆ ಒಂದು ಕಿಲೋಮೀಟರ್. ಅಂದರೆ ಚಿಕ್ಕಪ್ಪನ ಪಕ್ಕದವರ ಹೊಲಕ್ಕೆ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ಕತ್ತಲಲ್ಲಿ ಇದನ್ನೆಲ್ಲ ಯಾರೂ ಕಣ್ಣಲ್ಲಿ ನೋಡುವುದಿಲ್ಲ. ಹಿಂದೆ ಮುಂದೆ ನಿಂತ ನೊಣಗಳು ಮೀಸೆಯಿಂದ ಮುಟ್ಟಿ, ಎರಿಯ ಅದುರಿಕೆಯನ್ನು ಕಾಲಲ್ಲಿ ತಿಳಿದು ಸುದ್ದಿ ಹಿಡಿಯುತ್ತವೆ. ಮೈಗೆ ಅಂಟಿದ ಹೂವಿನ ವಾಸನೆಯನ್ನೂ ಮೂಸುತ್ತವೆ. ಕುಣಿತ ಹೊಲದವರೆಗೆ ಕರೆದೊಯ್ಯುತ್ತದೆ. ಹೂ ಹುಡುಕಲು ಆ ವಾಸನೆ ಬೇಕು.

ಇದನ್ನು ಬಿಡಿಸಿದವರು ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್. ಅವರೂ ಇಪ್ಪತ್ತು ವರ್ಷ ತಪ್ಪು ತಿಳಿದುಕೊಂಡಿದ್ದರು. ಸುಮ್ನೆ ದುಂಡಗೆ ಸುತ್ತುವ ಕುಣಿತ ಮಕರಂದಕ್ಕೆ, ಹಿಂಭಾಗ ಅಲ್ಲಾಡಿಸುವ ಕುಣಿತ ಪರಾಗಕ್ಕೆ ಎಂದು 1920ರ ದಶಕದಲ್ಲಿ ಬರೆದಿದ್ದರು. ಅವರು ಸಕ್ಕರೆ ನೀರಿನ ಬಟ್ಟಲು ಇಡುತ್ತಿದ್ದದ್ದು ಗೂಡಿನ ಹತ್ತಿರ. ಪರಾಗ ತರುವ ನೊಣಗಳು ಬರುತ್ತಿದ್ದದ್ದು ದೂರದಿಂದ. 1940ರ ದಶಕದಲ್ಲಿ ಬಟ್ಟಲನ್ನೂ ದೂರಕ್ಕೆ ಒಯ್ದು ಇಟ್ಟಾಗ ವಿಷಯ ಗೊತ್ತಾಯಿತು: ದುಂಡು ಕುಣಿತ ಹತ್ತಿರದ್ದಕ್ಕೆ, ಅಲ್ಲಾಡಿಸುವ ಕುಣಿತ ದೂರದ್ದಕ್ಕೆ. ತಮ್ಮ ಹಳೆಯ ಮಾತನ್ನು ತಾವೇ ತಿದ್ದಿದರು. 1973ರಲ್ಲಿ ನೊಬೆಲ್ ಬಂತು.

ಅಷ್ಟು ಚಿಕ್ಕ ಪ್ರಾಣಿ ದೂರ ಅಳೆಯುವುದು ಹೇಗೆ? ಬೆಂಗಳೂರಿನಲ್ಲಿ ಓದಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಮಂಡ್ಯಂ ಶ್ರೀನಿವಾಸನ್ ಮತ್ತು ಅವರ ಜೊತೆಗಾರರು 2000ದಲ್ಲಿ ಒಂದು ಚಂದದ ಮೋಸ ಮಾಡಿದರು. ಆರು ಮೀಟರಿನಷ್ಟು ಉದ್ದದ ಕಿರಿದಾದ ಓಣಿ ಕಟ್ಟಿ, ಅದರ ಗೋಡೆಗೆ ಕಪ್ಪು ಬಿಳುಪು ಚಿತ್ತಾರ ಅಂಟಿಸಿ, ಕೊನೆಯಲ್ಲಿ ಸಕ್ಕರೆ ನೀರು ಇಟ್ಟರು. ಅಲ್ಲಿಂದ ವಾಪಸು ಬಂದ ನೊಣಗಳು ಸುಮಾರು ಇನ್ನೂರು ಮೀಟರ್ ಹಾರಿದ ಹಾಗೆ ಕುಣಿದವು! ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಬೇಲಿ ಸರ್ರನೆ ಓಡುತ್ತದೆ, ದೂರದ ಬೆಟ್ಟ ನಿಂತಲ್ಲೇ ನಿಂತಿರುತ್ತದೆ. ಜೇನು ಲೆಕ್ಕ ಹಾಕುವುದು ಹೀಗೆ ಕಣ್ಣ ಮುಂದೆ ಎಷ್ಟು ಚಿತ್ರ ಸರಿದು ಹೋಯಿತು ಎಂದು. ಗೋಡೆ ತೀರಾ ಹತ್ತಿರ ಇದ್ದುದರಿಂದ ಜಾಸ್ತಿ ಸರಿಯಿತು, ಲೆಕ್ಕ ತಪ್ಪಿತು.

ನಮ್ಮ ಕೋಲುಜೇನಿಗೆ ಈ ಮೇಲೆ-ಕೆಳಗಿನ ಒಪ್ಪಂದವೇ ಬೇಡ. ಕಡ್ಡಿಯ ಮೇಲೆ ಕಟ್ಟುವ ಅದರ ಎರಿಗೆ ತಲೆಯ ಭಾಗದಲ್ಲಿ ಒಂದು ಸಣ್ಣ ಜಗಲಿ ಇರುತ್ತದೆ. ಬಯಲಿನಲ್ಲಿ, ಆ ಜಗಲಿಯ ಮೇಲೆ, ಹೂವಿರುವ ದಿಕ್ಕಿಗೇ ನೇರವಾಗಿ ಓಡುತ್ತದೆ. ಕೈ ತೋರಿಸಿದ ಹಾಗೆ.

ಈಗ ಚಿಕ್ಕಪ್ಪನ ದೂರಿಗೆ ಬರೋಣ. ಕಲ್ಲಂಗಡಿಗೆ ಹೋದ ನೊಣಗಳೂ ಅದೇ ಗೂಡಿಗೆ ವಾಪಸು ಬಂದಿರುತ್ತವೆ. ಅವೂ ಕುಣಿಯಬಹುದಿತ್ತಲ್ಲ?

ಕುಣಿಯುತ್ತವೆ, ಆದರೆ ಎಷ್ಟು ಸುತ್ತು ಅನ್ನುವುದು ಮುಖ್ಯ. ಸಿಹಿ ಜಾಸ್ತಿ ಇದ್ದರೆ ಒಂದು ನೊಣ ಹತ್ತಾರು ಸುತ್ತು ಕುಣಿಯುತ್ತದೆ. ಸಿಹಿ ಸಪ್ಪೆಯಾದರೆ ನಾಲ್ಕಾರು ಸುತ್ತಿಗೆ ನಿಲ್ಲಿಸುತ್ತದೆ, ಇಲ್ಲವೆ ಕುಣಿಯುವುದೇ ಇಲ್ಲ. ಜಾಸ್ತಿ ಹೊತ್ತು ಕುಣಿದವಳ ಹಿಂದೆ ಜಾಸ್ತಿ ಜನ ಸೇರುತ್ತಾರೆ. ಅಮೆರಿಕದ ಥಾಮಸ್ ಸೀಲಿ ನ್ಯೂಯಾರ್ಕ್ ರಾಜ್ಯದ ಕಾಡಿನಲ್ಲಿ ಇದನ್ನು ಅಳೆದು ತೋರಿಸಿದರು. ಗೂಡಿನ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು ಬಟ್ಟಲು. ಎರಡೂ 400 ಮೀಟರ್ ದೂರ. ಬೆಳಿಗ್ಗೆ ದಕ್ಷಿಣದ ಬಟ್ಟಲಿನಲ್ಲಿ ದಟ್ಟ ಸಕ್ಕರೆ ಪಾಕ, ಉತ್ತರದಲ್ಲಿ ತೆಳುವು. ಮಧ್ಯಾಹ್ನದ ಹೊತ್ತಿಗೆ ದಕ್ಷಿಣಕ್ಕೆ 91 ನೊಣ, ಉತ್ತರಕ್ಕೆ ಬರೀ 12. ಆಗ ಬಟ್ಟಲುಗಳನ್ನು ಅದಲು ಬದಲು ಮಾಡಿದರು. ನಾಲ್ಕು ಗಂಟೆಯಲ್ಲಿ ಇಡೀ ಗೂಡು ಮಗುಚಿಕೊಂಡು ಉತ್ತರಕ್ಕೆ ಹೊರಟಿತ್ತು.

ಇದರಲ್ಲಿ ನನಗೆ ಅಚ್ಚರಿ ಎನಿಸುವುದು ಇದು: ಎರಡೂ ಬಟ್ಟಲಿನ ರುಚಿ ನೋಡಿ "ಇದು ಮೇಲು" ಎಂದು ತೂಗಿದ ನೊಣ ಇರಬೇಕೆಂದೇ ಇಲ್ಲ. ಪ್ರತಿಯೊಂದಕ್ಕೂ ಗೊತ್ತಿರುವುದು ತನ್ನ ಬಟ್ಟಲು ಮಾತ್ರ. ಅವು ತಂತಮ್ಮ ಖುಷಿಯಷ್ಟು ಕುಣಿದವು, ಆಯ್ಕೆ ತಾನಾಗಿ ಆಯಿತು.

ಈ ಸಂತೆಯಲ್ಲಿ ಕಲ್ಲಂಗಡಿಯ ಸಣ್ಣ ಹಳದಿ ಹೂ ಸೋಲುತ್ತದೆ. ಅದರಲ್ಲಿರುವುದು ಅಷ್ಟೋ ಇಷ್ಟೋ ಮಕರಂದ. ಸೂರ್ಯಕಾಂತಿಯ ಒಂದು ತಟ್ಟೆಯಲ್ಲಿ ನೂರಾರು ಪುಟ್ಟ ಹೂಗಳು ಒಟ್ಟಿಗೆ ಕುಳಿತಿರುತ್ತವೆ. ಹಾರಾಟ ಇಲ್ಲದೆ ನಡೆದುಕೊಂಡೇ ಹೊಟ್ಟೆ ತುಂಬಿಸಿಕೊಳ್ಳಬಹುದು.

ಹೋದರೆ ಹೋಗಲಿ ಎನ್ನುವಂತಿಲ್ಲ. ಎಲ್ಲ ಹಣ್ಣಿಗೂ ಜೇನು ಬೇಕು ಎನ್ನುವುದು ಸುಳ್ಳು. ನಾವು ತಿನ್ನುವ ಬಾಳೆಗೆ ಬೇಡ, ಮಾವಿನ ಹೂವಿನಲ್ಲಿ ಜೇನಿಗಿಂತ ಮಾಮೂಲಿ ನೊಣಗಳದ್ದೇ ದೊಡ್ಡ ಪಾಲು. ಆದರೆ ಕಲ್ಲಂಗಡಿಗೆ ಬೇರೆ ದಾರಿಯಿಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ರೋಮದ ಹೀಚು ಮೊದಲೇ ಕಾಣುತ್ತದೆ. ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಹೂ ಅರಳುವುದು ಸೂರ್ಯ ಹುಟ್ಟಿದ ಮೇಲೆ, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ, ಮರುದಿನ ಮತ್ತೆ ಅರಳುವುದಿಲ್ಲ. ಇರುವುದು ಆ ಒಂದೇ ಬೆಳಗು.

ಅಷ್ಟರಲ್ಲಿ ಒಂದು ನೊಣ ಬಂದು ಹೋದರೆ ಸಾಲದು. ಹೆಣ್ಣು ಹೂವಿನ ಪರಾಗ ಹಿಡಿಯುವ ತುದಿ ಮೂರು ಭಾಗವಾಗಿರುತ್ತದೆ. ಮೂರಕ್ಕೂ ಸರಿಸಮನಾಗಿ, ಒಟ್ಟು ಸುಮಾರು ಸಾವಿರ ಪರಾಗದ ಕಣ ಬೀಳಬೇಕು. ಅದಕ್ಕೆ ಕನಿಷ್ಠ ಎಂಟು ಸಲವಾದರೂ ಜೇನು ಬಂದು ಕೂರಬೇಕಾಗುತ್ತದೆ. ಕಣವೊಂದು ಕೆಳಗಿಳಿದು ಬೀಜ ಕಟ್ಟಿದರೆ, ಆ ಬೀಜ ಬಿಡುವ ಹಾರ್ಮೋನು ಸುತ್ತಲಿನ ತಿರುಳನ್ನು ಬೆಳೆಸುತ್ತದೆ. ಪರಾಗ ಬೀಳದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಅರೆಬರೆ ಬಿದ್ದರೆ ಉದುರುವುದಿಲ್ಲ, ಆದರೆ ಸೊಟ್ಟಗೆ ಬೆಳೆಯುತ್ತದೆ. ಬೀಜವಿಲ್ಲದ ಕಲ್ಲಂಗಡಿಗೆ ಪರಾಗ ಬೇಡ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದಕ್ಕೂ ಬೇಕು, ಇನ್ನೂ ಜಾಸ್ತಿ ಬೇಕು. ಅದರ ಸ್ವಂತ ಪರಾಗ ಕೆಲಸಕ್ಕೆ ಬಾರದ್ದು. ಹಾಗಾಗಿ ನಡುನಡುವೆ ಬೀಜದ ತಳಿಯನ್ನೂ ನೆಟ್ಟು, ಅಲ್ಲಿಂದ ಜೇನು ಹೊತ್ತು ತರಬೇಕು.

ಚಿಕ್ಕಪ್ಪ ಪೆಟ್ಟಿಗೆ ತಂದದ್ದು ಬೀಜ ಮೊಳೆತ ವಾರದಲ್ಲೇ. ಬೇಗ ತಂದರೆ ಒಳ್ಳೆಯದು ಎಂದುಕೊಂಡಿದ್ದರು. ತಪ್ಪಾದದ್ದು ಅಲ್ಲಿ. ಕಲ್ಲಂಗಡಿಯಲ್ಲಿ ಇನ್ನೂ ಒಂದು ಹೂವೂ ಇರಲಿಲ್ಲ. ಜೇನುಗಳು ಸೂರ್ಯಕಾಂತಿ ಹುಡುಕಿ, ಕುಣಿದು, ಊರಿಗೆಲ್ಲ ಹೇಳಿ ಆಗಿತ್ತು. ಒಮ್ಮೆ ಒಂದು ಹೂವಿಗೆ ಒಗ್ಗಿದ ನೊಣ ದಿನಗಟ್ಟಲೆ ಅದಕ್ಕೇ ಹೋಗುತ್ತದೆ, ಹೊಸ ಕುಣಿತದ ಕಡೆ ತಿರುಗಿ ನೋಡುವುದು ಕಮ್ಮಿ.

ಅದಕ್ಕೇ ತಿಳಿದ ಜೇನು ಸಾಕಣೆಯವರು ಹೆಣ್ಣು ಹೂ ಬಿಡಲು ಶುರುವಾಗುವ ತನಕ ಕಾಯುತ್ತಾರೆ. ಪೆಟ್ಟಿಗೆಯನ್ನು ರಾತ್ರಿ ಹೊತ್ತು, ಮೂರು ಕಿಲೋಮೀಟರಿಗಿಂತ ಆಚೆಯಿಂದ ತರುತ್ತಾರೆ. ಹತ್ತಿರದಿಂದ ತಂದರೆ ನೊಣಗಳು ಗುರುತಿನ ದಾರಿ ಹಿಡಿದು ಹಳೆಯ ಜಾಗಕ್ಕೇ ವಾಪಸು ಹೋಗುತ್ತವೆ. ಹೊಸ ಊರಿನಲ್ಲಿ ಎದ್ದ ಜೇನಿಗೆ ಹಳೆಯ ನೆನಪು ಪ್ರಯೋಜನಕ್ಕೆ ಬರುವುದಿಲ್ಲ. ಮೊದಲು ಸಿಗುವುದು ಕಣ್ಣ ಮುಂದಿನ ಕಲ್ಲಂಗಡಿ. ನಾಲ್ಕು ದಿನದಲ್ಲಿ ಕೆಲವು ಸೂರ್ಯಕಾಂತಿ ಕಂಡುಹಿಡಿದೇ ಹಿಡಿಯುತ್ತವೆ, ಅದನ್ನು ತಡೆಯಲಾಗದು. ಆದರೆ ಬಳ್ಳಿಯೊಂದಕ್ಕೆ ಬೇಕಿರುವುದು ಎರಡು ಮೂರು ಒಳ್ಳೆಯ ಹೀಚು, ಅಷ್ಟಕ್ಕೆ ಆ ಕೆಲವು ದಿನ ಸಾಕಾಗಬಹುದು. ಇನ್ನು ಔಷಧಿ ಹೊಡೆಯುವುದಿದ್ದರೆ ಹೂ ಮುಚ್ಚಿದ ಮೇಲೆ, ಸಂಜೆಗೆ. ಬೆಳಿಗ್ಗೆ ಹೊಡೆದರೆ ಸಾಯುವುದು ನಿಮ್ಮ ಹೊಲದ ದಾರಿ ಕಲಿತ ನೊಣಗಳೇ. ಅದನ್ನು ಕುಣಿದು ಹೇಳಬೇಕಾದವು ಅವೇ.

ಜೇನು ಬರುತ್ತಿದೆಯೇ ಎಂದು ತಿಳಿಯಲು ಪೆಟ್ಟಿಗೆಯ ಬಾಗಿಲು ನೋಡಿ ಪ್ರಯೋಜನವಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಹೆಣ್ಣು ಹೂವಿನ ಮುಂದೆ ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತು ಎಣಿಸಬೇಕು. ಚಿಕ್ಕಪ್ಪ ಎಣಿಸಲಿಲ್ಲ. ಕೊಯ್ಲಾದ ಮೇಲೆ ಹೋದಾಗ ಸೋರೆಕಾಯಿಯಂತೆ ಒಂದು ತುದಿ ಸಪುರವಾದ ಹಣ್ಣೊಂದನ್ನು ಕೊಯ್ದು ತೋರಿಸಿದರು. ಉಬ್ಬಿದ ಕಡೆ ಕಪ್ಪು ಬೀಜ ಸಾಲಾಗಿ ಕೂತಿತ್ತು. ಸಪುರದ ಕಡೆ ಬಿಳಿ ಜೊಳ್ಳು. "ಇಷ್ಟು ದೂರ ನನ್ನ ಹೊಲಕ್ಕೆ ಬಂದಿವೆ," ಎಂದು ಚಾಕುವಿನ ತುದಿಯಲ್ಲಿ ಕಪ್ಪು ಬೀಜ ತೋರಿಸಿದರು. ಆಮೇಲೆ ಜೊಳ್ಳಿನ ಕಡೆ ಚಾಕು ಸರಿಸಿ, "ಇಲ್ಲಿಂದ ಆಚೆ ಸೂರ್ಯಕಾಂತಿ" ಎಂದರು.